ಕೃತಜ್ಞತಾ ಪತ್ರದಿಂದ ‘ಮೈಕ್ ಧಾಟಿ’ ತೆಗೆಯುವುದು ಹೇಗೆ?

ದೇವಸ್ಥಾನದ ಬ್ರಹ್ಮಕಲಶೋತ್ಸವ ಮುಗಿದು ಚಪ್ಪರ ಬಿಚ್ಚಿದ ಮೇಲೆ ಸಮಿತಿಗೆ ಉಳಿಯುವ ದೊಡ್ಡ ಕೆಲಸ ಎರಡು: ಲೆಕ್ಕಪತ್ರ ಮತ್ತು ಕೃತಜ್ಞತಾ ಪತ್ರ. ಲೆಕ್ಕದ ಮೇಲೆ ಹತ್ತಾರು ಜನರ ಕಣ್ಣಿರುತ್ತದೆ. ಪತ್ರ ಹಾಗಲ್ಲ. ಕಾರ್ಯದರ್ಶಿ ಕರಡು ಬರೆಯುತ್ತಾರೆ, ಊರಿನ ನಿವೃತ್ತ ಮಾಷ್ಟ್ರು ತಿದ್ದುತ್ತಾರೆ, ಡಿಟಿಪಿ ಅಂಗಡಿಯಲ್ಲಿ ಹೆಸರು ತುಂಬಿಸಿ ನೂರೈವತ್ತು ಪ್ರತಿ ತೆಗೆಯುತ್ತಾರೆ, ಅಲ್ಲಿಗೆ ಮುಗಿಯಿತು. ಕಾಗುಣಿತ ಸರಿ, ಒತ್ತಕ್ಷರ ಸರಿ, ವಾಕ್ಯ ನಯವಾಗಿದೆ. ಆದರೂ ಪಡೆದವರು ಎರಡು ಸಾಲು ಓದಿ ಮಡಚಿ ಇಡುತ್ತಾರೆ. ಇನ್ನು ಕೆಲವರು ‘ಇದು ಎಲ್ಲರಿಗೂ ಕಳಿಸಿದ್ದು’ ಎಂದು ಬೇಸರಪಟ್ಟುಕೊಳ್ಳುತ್ತಾರೆ.

ಕಾಸರಗೋಡಿನ ಕಡೆ ಇದಕ್ಕೊಂದು ಹೆಚ್ಚಿನ ಕಾರಣವೂ ಉಂಟು. ಪತ್ರ ಹೋಗುವ ಮನೆಗಳಲ್ಲಿ ಆಡುವ ಮಾತು ತುಳು, ಹವ್ಯಕ, ಮಲಯಾಳ, ಕೊಂಕಣಿ, ಮರಾಠಿ, ಹೀಗೆ ಬೇರೆ ಬೇರೆ. ಬರವಣಿಗೆಗೆ ಮಾತ್ರ ಹೆಚ್ಚಿನವರಿಗೆ ಕನ್ನಡ. ‘ಹೃತ್ಪೂರ್ವಕ’, ‘ಭಕ್ತಮಹನೀಯರು’, ‘ಅಭೂತಪೂರ್ವ’ ಇಂಥ ಶಬ್ದಗಳು ಈ ಮನೆಗಳ ಕಿವಿಗೆ ಬೀಳುವುದು ಒಂದೇ ಕಡೆಯಿಂದ, ಉತ್ಸವದ ಮೈಕಿನಿಂದ. ಹಾಗಾಗಿ ಪತ್ರದಲ್ಲಿ ಅವನ್ನು ಕಂಡ ಕೂಡಲೇ ಅದು ತನಗೆ ಬರೆದದ್ದಲ್ಲ, ಊರಿಗೆಲ್ಲ ಕೂಗಿ ಹೇಳಿದ್ದು ಎನ್ನಿಸುತ್ತದೆ. ಅಚ್ಚಿಗೆ ಹೋಗುವ ಮೊದಲು ಇಡೀ ಕಟ್ಟನ್ನು ಈ ಒಂದು ದೋಷಕ್ಕಾಗಿಯೇ ಓದಬೇಕು. ಅದರ ಕ್ರಮ ಇಲ್ಲಿದೆ.

1. ಮುದ್ರಿಸಿ, ಒಂದು ರಾತ್ರಿ ಬಿಡಿ

ಫೋನಿನ ಪರದೆಯಲ್ಲಿ ಈ ಕೆಲಸ ಆಗುವುದಿಲ್ಲ. ಕಾಗದದ ಮೇಲೆ ತೆಗೆಯಿರಿ, ತಿದ್ದಿದವರು ಅದೇ ದಿನ ಓದಬಾರದು.

2. ಮೂರು ಕಟ್ಟು ಮಾಡಿ

ಧನ್ಯವಾದ ಹೇಳುವ ಪತ್ರ ಒಂದು ಕಟ್ಟು, ತಪ್ಪಿಗೆ ಕ್ಷಮೆ ಕೇಳುವ ಪತ್ರ ಇನ್ನೊಂದು, ರಶೀದಿ ಮತ್ತು ಲೆಕ್ಕದ ವಿವರ ಮೂರನೆಯದು. ಈ ಮೂರನೇ ಕಟ್ಟನ್ನು ಪಕ್ಕಕ್ಕಿಡಿ. ‘ಮೇಲ್ಕಾಣಿಸಿದ ಮೊತ್ತವನ್ನು ಸ್ವೀಕರಿಸಲಾಗಿದೆ’ ಎಂಬುದು ರಶೀದಿಯಲ್ಲಿ ಇರಬೇಕಾದ ಮಾತೇ. ಅಲ್ಲಿ ಆತ್ಮೀಯತೆ ತೋರಿಸಲು ಹೋದರೆ ಓದುವವರಿಗೆ ಲೆಕ್ಕದ ಮೇಲೆಯೇ ಸಂಶಯ ಬರುತ್ತದೆ. ಹಲವು ಸಮಿತಿಗಳು ರಶೀದಿಯನ್ನೂ ಕೃತಜ್ಞತೆಯನ್ನೂ ಒಂದೇ ಹಾಳೆಯಲ್ಲಿ ಸೇರಿಸುತ್ತವೆ. ಅದು ಬೇಡ. ರಶೀದಿಯ ಬಿಗಿ ಭಾಷೆ ಪತ್ರದ ಕಡೆಗೂ ಹರಿಯುತ್ತದೆ.

3. ಅಡ್ಡಲಾಗಿ ಓದಿ

ಒಂದೊಂದೇ ಪತ್ರವನ್ನು ಮೇಲಿನಿಂದ ಕೆಳಗೆ ಓದಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಇಪ್ಪತ್ತು ಪತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಎಲ್ಲದರ ಮೊದಲ ವಾಕ್ಯ ಮಾತ್ರ ಓದಿಕೊಂಡು ಹೋಗಿ. ಮತ್ತೆ ಬಂದು ಕೊನೆಯ ವಾಕ್ಯ ಮಾತ್ರ ಓದಿ. ಕಟ್ಟಿನ ನಿಜವಾದ ಸ್ಥಿತಿ ಆಗ ಗೊತ್ತಾಗುತ್ತದೆ.

ಯಾವ ಇಪ್ಪತ್ತು ಎಂಬುದು ಮುಖ್ಯ. ಕಟ್ಟಿನ ಮೇಲಿನ ಇಪ್ಪತ್ತನ್ನು ಎತ್ತಿಕೊಂಡರೆ ಪ್ರಯೋಜನವಿಲ್ಲ, ಏಕೆಂದರೆ ಅವು ಸಾಮಾನ್ಯವಾಗಿ ದೊಡ್ಡ ದಾನಿಗಳವು. ಅವಕ್ಕೆ ಹೇಗೂ ಹೆಚ್ಚು ಗಮನ ಸಿಕ್ಕಿರುತ್ತದೆ. ಅಕ್ಕಪಕ್ಕದ ಮನೆಗಳ ಪತ್ರಗಳನ್ನು ಹುಡುಕಿ ತೆಗೆಯಿರಿ. ಒಂದೇ ತರವಾಡಿನ ಎರಡು ಮನೆ, ಒಂದೇ ಭಜನಾ ಮಂದಿರದ ನಾಲ್ಕು ಜನ, ಒಂದೇ ಪೇಟೆಯ ಅಂಗಡಿಗಳು. ಇವರು ಪತ್ರವನ್ನು ಹೋಲಿಸಿ ನೋಡುವವರು. ‘ತಮ್ಮನ್ನು ವಿಶೇಷವಾಗಿ ಸ್ಮರಿಸುತ್ತೇವೆ’ ಎಂಬ ಸಾಲು ಆಚೆ ಮನೆಯ ಪತ್ರದಲ್ಲೂ ಇದ್ದರೆ ಆ ‘ವಿಶೇಷ’ಕ್ಕೆ ಅರ್ಥ ಉಳಿಯುವುದಿಲ್ಲ.

ಹಾಗೆಂದು ಎಲ್ಲ ಪತ್ರವೂ ಬೇರೆ ಬೇರೆ ಇರಬೇಕಾಗಿಲ್ಲ. ದೇವಸ್ಥಾನದ ಹೆಸರು, ದಿನಾಂಕ, ಕೊನೆಯಲ್ಲಿ ದೇವರ ಅನುಗ್ರಹ ಕೋರುವ ಮಾತು, ಇವು ಒಂದೇ ರೀತಿ ಇದ್ದರೆ ಯಾರೂ ಬೇಸರಪಡುವುದಿಲ್ಲ. ನಡುವಿನ ಎರಡು ವಾಕ್ಯ ಮಾತ್ರ ಆ ಮನೆಯದ್ದೇ ಆಗಿರಬೇಕು. ಕೆಲವರು ಇದಕ್ಕೊಂದು ಅಡ್ಡದಾರಿ ಹಿಡಿಯುತ್ತಾರೆ: ಒಂದು ಪತ್ರದಲ್ಲಿ ‘ಕೃತಜ್ಞತೆ’, ಇನ್ನೊಂದರಲ್ಲಿ ‘ಧನ್ಯವಾದ’, ಮತ್ತೊಂದರಲ್ಲಿ ‘ಅಭಿವಂದನೆ’ ಎಂದು ಶಬ್ದ ಬದಲಿಸುತ್ತಾರೆ. ಇದು ಸಮಯ ಹಾಳು. ಬಣ್ಣ ಬದಲಾಯಿತೇ ಹೊರತು ಹೇಳಿದ್ದು ಅದೇ.

4. ಒಂದೊಂದು ವಾಕ್ಯಕ್ಕೂ ಗುರುತು ಹಾಕಿ

ಹೆಚ್ಚಿನವರು ಎಡವುವುದು ಇಲ್ಲಿ. ‘ಭಾಷೆ ಸ್ವಲ್ಪ ಗಟ್ಟಿಯಾಯಿತು, ಸರಳ ಮಾಡಿ’ ಎಂದು ಹೇಳಿ ಕಟ್ಟನ್ನು ವಾಪಸು ಕೊಡುತ್ತಾರೆ. ಪಡೆದವರು ಸಂಸ್ಕೃತ ಶಬ್ದ ತೆಗೆದು ಬೇರೆ ಶಬ್ದ ಹಾಕುತ್ತಾರೆ, ಪತ್ರ ಮೊದಲಿನಷ್ಟೇ ಟೊಳ್ಳಾಗಿ ಹಿಂದೆ ಬರುತ್ತದೆ. ದೋಷ ಯಾವ ವಾಕ್ಯದಲ್ಲಿದೆ, ಯಾವ ಬಗೆಯದ್ದು ಎಂದು ಪೆನ್ಸಿಲಿನಲ್ಲಿ ತೋರಿಸಿಕೊಡಬೇಕು. ಒಂದು ಮಾದರಿ ಪತ್ರ ಇಟ್ಟುಕೊಂಡು ನೋಡೋಣ.

‘ಶ್ರೀ ಕ್ಷೇತ್ರದ ಬ್ರಹ್ಮಕಲಶೋತ್ಸವವು ತಮ್ಮಂತಹ ಭಕ್ತಮಹನೀಯರ ತನು-ಮನ-ಧನಗಳ ಅಮೂಲ್ಯ ಸಹಕಾರದಿಂದ ಅಭೂತಪೂರ್ವ ಯಶಸ್ಸನ್ನು ಕಂಡಿರುವುದು ಅತ್ಯಂತ ಸಂತಸದ ಸಂಗತಿಯಾಗಿದೆ. ತಾವು ನೀಡಿದ ಕೊಡುಗೆಯು ಕೇವಲ ವಸ್ತುರೂಪದ ಸಹಾಯವಾಗಿರದೆ ತಮ್ಮ ಅಚಲ ಭಕ್ತಿಯ ದ್ಯೋತಕವಾಗಿದೆ. ಈ ಸಂದರ್ಭದಲ್ಲಿ ತಮಗೂ ತಮ್ಮ ಕುಟುಂಬದವರಿಗೂ ಹೃತ್ಪೂರ್ವಕ ಕೃತಜ್ಞತೆಗಳನ್ನು ಸಲ್ಲಿಸಲಾಗುತ್ತಿದೆ. ಮುಂದೆಯೂ ತಮ್ಮ ಸಹಕಾರ ಹೀಗೆಯೇ ಮುಂದುವರಿಯಲಿ ಎಂದು ಆಶಿಸುತ್ತೇವೆ.’

ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಈಗ ಮೂರು ಪರೀಕ್ಷೆ ಮಾಡಿ.

ಮೊದಲನೆಯದು, ವಿಳಾಸವನ್ನು ಕೈಯಿಂದ ಮುಚ್ಚುವುದು. ಹೆಸರು ಕಾಣದಂತೆ ಮುಚ್ಚಿ ಓದಿ, ಈ ವಾಕ್ಯ ಬೇರೆ ಯಾರಿಗಾದರೂ ಹೋಗಬಹುದೇ ಎಂದು ಕೇಳಿ. ಹೋಗಬಹುದಾದರೆ ಅಂಚಿನಲ್ಲಿ ‘ಯಾ’ ಎಂದು ಬರೆಯಿರಿ, ಯಾರಿಗಾದರೂ ಎಂಬುದರ ಗುರುತಾಗಿ. ಮೇಲಿನ ಪತ್ರದ ನಾಲ್ಕೂ ವಾಕ್ಯಗಳಿಗೆ ‘ಯಾ’ ಬೀಳುತ್ತದೆ. ಒಂದು ಪತ್ರದಲ್ಲಿ ಎರಡು ‘ಯಾ’ ಇದ್ದರೆ ತೊಂದರೆಯಿಲ್ಲ. ಎಲ್ಲವೂ ‘ಯಾ’ ಆದರೆ ತಿದ್ದುವುದು ಬಿಟ್ಟು ಹೊಸತಾಗಿ ಬರೆಯಬೇಕು.

ಎರಡನೆಯದು, ಮಾಡಿದವರು ಯಾರು ಎಂದು ಕೇಳುವುದು. ‘ಕೃತಜ್ಞತೆಗಳನ್ನು ಸಲ್ಲಿಸಲಾಗುತ್ತಿದೆ’ ಎಂದರೆ ಸಲ್ಲಿಸುವವರು ಯಾರು? ಕಚೇರಿ ನೋಟೀಸಿನಲ್ಲಿ ಇದು ನಡೆಯುತ್ತದೆ. ಧನ್ಯವಾದ ಹೇಳುವಾಗ ಮಾತ್ರ ಹೇಳುವ ವ್ಯಕ್ತಿ ಮರೆಯಾಗಬಾರದು. ‘ಲಾಗಿದೆ’, ‘ಲಾಗುತ್ತಿದೆ’, ‘ಲಾಯಿತು’, ‘ಲ್ಪಟ್ಟ’ ಕಂಡಲ್ಲೆಲ್ಲ ಅಡಿಗೆರೆ ಹಾಕಿ. ಕಂಪ್ಯೂಟರಿನಲ್ಲಿ ಕಡತ ಇದ್ದರೆ Ctrl+F ಒತ್ತಿ ‘ಲಾಗಿ’, ‘ಲಾಗು’, ‘ಲಾಯಿ’, ‘ಲ್ಪಟ್ಟ’ ಎಂದು ಒಂದೊಂದಾಗಿ ಹುಡುಕಬಹುದು. ನಡುವೆ ‘ಬದಲಾಗಿ’, ‘ಮೇಲಾಗಿ’ ಕೂಡ ಸಿಗುತ್ತವೆ, ಅವನ್ನು ಬಿಟ್ಟು ಮುಂದೆ ಹೋಗಿ. ಡಿಟಿಪಿ ಅಂಗಡಿಯಲ್ಲಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಮಾಡಿದ ಕಡತವಾದರೆ ನೀವು ಯೂನಿಕೋಡಿನಲ್ಲಿ ಟೈಪ್ ಮಾಡಿದ ಶಬ್ದ ಅದರಲ್ಲಿ ಸಿಗುವುದೇ ಇಲ್ಲ. ಪರದೆಯಲ್ಲಿ ಕನ್ನಡ ಕಂಡರೂ ಒಳಗೆ ಇರುವುದು ಬೇರೆ ಸಂಕೇತ. ಏನೂ ಸಿಗಲಿಲ್ಲ ಎಂದು ಬಂದರೆ ಪತ್ರ ಸರಿಯಿದೆ ಎಂದು ತಿಳಿಯಬೇಡಿ. ಯೂನಿಕೋಡಿಗೆ ಬದಲಿಸಿ ಮತ್ತೆ ಹುಡುಕಿ, ಇಲ್ಲವಾದರೆ ಕಾಗದದಲ್ಲೇ ನೋಡಿ.

ಮೂರನೆಯದು, ದೊಡ್ಡ ಶಬ್ದ ತೆಗೆದು ನೋಡುವುದು. ‘ಅಮೂಲ್ಯ’, ‘ಅಭೂತಪೂರ್ವ’, ‘ಅತ್ಯಂತ’, ‘ಅಚಲ’, ‘ಹೃತ್ಪೂರ್ವಕ’ ಐದನ್ನೂ ಹೊಡೆದುಹಾಕಿ ಪತ್ರ ಓದಿ. ಏನಾದರೂ ಮಾಹಿತಿ ಹೋಯಿತೇ? ಇಲ್ಲ. ತೆಗೆದರೂ ಏನೂ ಕಡಿಮೆಯಾಗದ ಶಬ್ದವನ್ನು ವಾಪಸು ಸೇರಿಸಬೇಡಿ. ‘ಕೇವಲ ಇದಾಗಿರದೆ ಅದಾಗಿದೆ’ ಎಂಬ ಕಟ್ಟೂ ಇದೇ ಜಾತಿಯದ್ದು. ಕೊಟ್ಟವರು ತೆಂಗಿನಕಾಯಿ ಕೊಟ್ಟಿದ್ದಾರೆ. ಅದನ್ನು ‘ಕೇವಲ ವಸ್ತುರೂಪ’ ಎಂದು ಮೊದಲು ಕೆಳಗಿಳಿಸಿ ಆಮೇಲೆ ಮೇಲೆತ್ತುವ ಅಗತ್ಯ ಏನಿದೆ?

ಇಷ್ಟು ಆದ ಮೇಲೆ ಉಗ್ರಾಣದ ಪುಸ್ತಕ ಬಿಡಿಸಬೇಕು. ಹೊರೆಕಾಣಿಕೆಯಲ್ಲಿ ಯಾವ ಮನೆಯಿಂದ ಏನು ಬಂತು ಎಂಬುದು ಅದರಲ್ಲಿರುತ್ತದೆ. ಕರಸೇವೆಗೆ ಬಂದವರ ಹೆಸರು ಸ್ವಯಂಸೇವಕರ ಪಟ್ಟಿಯಲ್ಲಿರುತ್ತದೆ. ನಮ್ಮ ಮಾದರಿ ಮನೆಯ ಎದುರು ಹೀಗಿದೆ ಎನ್ನಿ: 200 ತೆಂಗಿನಕಾಯಿ, ಎರಡು ಬಾಳೆಗೊನೆ, ತರಕಾರಿ ತರಲು ಪಿಕಪ್ ಎರಡು ದಿನ, ಉಗ್ರಾಣದಲ್ಲಿ ರಾತ್ರಿ ಇಬ್ಬರು. ಪತ್ರ ಹೀಗಾಗುತ್ತದೆ:

‘ಹೊರೆಕಾಣಿಕೆಯಲ್ಲಿ ನೀವು ಕಳಿಸಿದ 200 ತೆಂಗಿನಕಾಯಿ, ಎರಡು ಬಾಳೆಗೊನೆ ಅನ್ನಸಂತರ್ಪಣೆಗೆ ಬಳಕೆಯಾಯಿತು. ನಿಮ್ಮ ಪಿಕಪ್ ಎರಡು ದಿನ ಜತೆಗಿದ್ದದ್ದರಿಂದ ತರಕಾರಿ ತರಲು ನಾವು ಬಾಡಿಗೆ ವಾಹನ ಹಿಡಿಯಬೇಕಾಗಲಿಲ್ಲ. ನಿಮ್ಮ ಮನೆಯ ಇಬ್ಬರು ರಾತ್ರಿ ಉಗ್ರಾಣ ನೋಡಿಕೊಂಡರು. ಇದಕ್ಕೆಲ್ಲ ಸಮಿತಿಯ ಪರವಾಗಿ ಕೃತಜ್ಞತೆ ಹೇಳುತ್ತೇವೆ. ಶ್ರೀ ದೇವರ ಅನುಗ್ರಹ ನಿಮ್ಮ ಮನೆಯ ಮೇಲಿರಲಿ. ಪ್ರಸಾದ ಈ ಪತ್ರದೊಂದಿಗೆ ಇದೆ.’

ಇದರಲ್ಲಿ ‘ಕೃತಜ್ಞತೆ’ ಉಳಿದಿದೆ, ‘ಅನುಗ್ರಹ’ ಉಳಿದಿದೆ. ಅವು ಆ ಜಾಗಕ್ಕೆ ಸೇರಿದ ಶಬ್ದಗಳು. ದೇವಸ್ಥಾನದ ಪತ್ರದಿಂದ ಅವನ್ನೂ ಕಿತ್ತರೆ ಹಿರಿಯರಿಗೆ ಒರಟಾಗಿ ಕಾಣುತ್ತದೆ. ‘ಮುಂದೆಯೂ ಸಹಕಾರ ಮುಂದುವರಿಯಲಿ’ ಎಂಬ ಸಾಲು ಹೋಗಿದೆ. ಕೊಟ್ಟದ್ದಕ್ಕೆ ಧನ್ಯವಾದ ಹೇಳುವ ಕಾಗದದಲ್ಲೇ ಮುಂದಿನದ್ದಕ್ಕೆ ಕೈ ಚಾಚಿದರೆ ಮೇಲಿನ ನಾಲ್ಕು ಸಾಲಿಗೂ ಬೆಲೆ ಹೋಗುತ್ತದೆ. ಆ ಸಾಲು ಯಾವ ಪತ್ರದಲ್ಲೂ ಬೇಡ.

‘ತಾವು’ ಬದಲು ‘ನೀವು’ ಬಂದದ್ದನ್ನೂ ಗಮನಿಸಿ. ತಂತ್ರಿಗಳಿಗೆ, ಮಠದ ಸ್ವಾಮೀಜಿಯವರಿಗೆ ‘ತಾವು’. ಉಳಿದ ಎಲ್ಲರಿಗೂ ‘ನೀವು’ ಸಾಕು, ಅದರಲ್ಲಿ ಮರ್ಯಾದೆಗೆ ಕೊರತೆಯೇನೂ ಇಲ್ಲ. ತಿದ್ದುವಾಗ ಒಂದು ಕಡೆ ‘ನೀವು’ ಮಾಡಿ ಮುಂದಿನ ಸಾಲಿನಲ್ಲಿ ‘ತಮ್ಮ’ ಉಳಿಸುವುದು ಪದೇ ಪದೇ ಆಗುವ ತಪ್ಪು. ಅದನ್ನು ಹುಡುಕಿಯೇ ತೆಗೆಯಿರಿ.

5. ಹೆಸರು ತುಂಬಿಸಿದ ಜಾಗಗಳನ್ನು ನೋಡಿ

ಪಟ್ಟಿಯಿಂದ ತಾನಾಗಿ ಹೆಸರು, ವಸ್ತು ತುಂಬಿಸುವ ಪತ್ರಗಳಲ್ಲಿ ಯಂತ್ರದ ಗುರುತು ಎದ್ದು ಕಾಣುವುದು ವಿಭಕ್ತಿಯಲ್ಲಿ. ಮಾದರಿಯಲ್ಲಿ ಖಾಲಿ ಜಾಗ ಬಿಟ್ಟು ಅದರ ಮುಂದೆ ‘ವನ್ನು’ ಎಂದು ಬರೆದಿರುತ್ತಾರೆ. ‘ಬೆಲ್ಲ’ ಬಂದಾಗ ‘ಬೆಲ್ಲವನ್ನು’ ಸರಿಯಾಗುತ್ತದೆ, ಕರಡು ನೋಡಿದವರಿಗೆ ಸಮಾಧಾನವಾಗುತ್ತದೆ. ಕೆಳಗೆ ಹೋದಂತೆ ‘ಅಕ್ಕಿವನ್ನು’, ‘ಸೀಯಾಳಗಳುವನ್ನು’, ‘ಪಿಕಪ್ವನ್ನು’ ಹುಟ್ಟಿಕೊಳ್ಳುತ್ತವೆ. ಇದಕ್ಕೆ ಮದ್ದು ಸರಳ: ಪಟ್ಟಿಯ ಆ ಅಂಕಣದಲ್ಲಿ ವಸ್ತುವಿನ ಹೆಸರು ಮಾತ್ರ ಬರೆಯುವ ಬದಲು ಪೂರ್ತಿ ವಾಕ್ಯವನ್ನೇ ಬರೆದಿಡಿ. ‘ನೀವು ಕಳಿಸಿದ ಒಂದು ಕ್ವಿಂಟಾಲ್ ಬೆಳ್ತಿಗೆ ಅಕ್ಕಿ ಮೊದಲ ದಿನದ ಊಟಕ್ಕೇ ಬಳಸಿದೆವು’ ಎಂಬಷ್ಟು. ನೂರೈವತ್ತು ಸಾಲು ಬರೆಯಲು ಇಬ್ಬರು ಕೂತರೆ ಎರಡು ಸಂಜೆ ಬೇಕು. ಪತ್ರದ ಪೂರಾ ಜೀವ ಇರುವುದು ಆ ಅಂಕಣದಲ್ಲೇ. ‘ಶ್ರೀ/ಶ್ರೀಮತಿ’ ಎಂದು ಗೀಟು ಹಾಕದೆ ಉಳಿದದ್ದನ್ನೂ ಈ ಹಂತದಲ್ಲೇ ಹಿಡಿಯಿರಿ.

ಅರ್ಥ ತಪ್ಪುವ ಜಾಗಗಳು ಇದಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ಅಕ್ಷರದಲ್ಲಿ ತಪ್ಪು ಕಾಣುವುದಿಲ್ಲ. ವಾಹನ ನಿಲ್ಲಿಸಲು ಜಾಗ ಬಿಟ್ಟುಕೊಟ್ಟವರು, ನೀರಿನ ಟ್ಯಾಂಕರ್ ಕಳಿಸಿದವರು, ದಾರಿಯಲ್ಲಿ ಶರಬತ್ತು ಕೊಟ್ಟವರು ಮುಸ್ಲಿಂ ನೆರೆಮನೆಯವರೂ ಆಗಿರುತ್ತಾರೆ. ಅವರ ಪತ್ರದಲ್ಲೂ ‘ತಮ್ಮ ಅಚಲ ಭಕ್ತಿ’ ಎಂದಿದ್ದರೆ ಬರೆದವರು ವಿಳಾಸವನ್ನೇ ನೋಡಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ‘ನಿಮ್ಮ ಹಿತ್ತಿಲಿನಲ್ಲಿ ವಾಹನ ನಿಲ್ಲಿಸಲು ಬಿಟ್ಟದ್ದರಿಂದ ಮಾರ್ಗದಲ್ಲಿ ಬ್ಲಾಕ್ ಆಗಲಿಲ್ಲ’ ಎಂದು ನೇರ ಬರೆದರೆ ಅವರಿಗೂ ಸಂತೋಷ, ಸಮಿತಿಗೂ ಗೌರವ. ಯುವಕ ಮಂಡಲಕ್ಕೆ, ಆಟೋ ಸ್ಟ್ಯಾಂಡಿನವರಿಗೆ ‘ತಮ್ಮ ಕುಟುಂಬದವರಿಗೂ’ ಎಂದು ಹೋಗುವುದು ಇನ್ನೊಂದು ಮಾಮೂಲಿ ಎಡವಟ್ಟು. ಉತ್ಸವಕ್ಕೂ ಪತ್ರಕ್ಕೂ ನಡುವೆ ಯಾರಾದರೂ ತೀರಿಕೊಂಡಿದ್ದರೆ ಆ ಮನೆಯ ಪತ್ರವನ್ನು ಕಟ್ಟಿನಿಂದ ಹೊರಗೆ ತೆಗೆದು ಕೈಯಲ್ಲೇ ಬರೆಯಿರಿ.

ಡಿಟಿಪಿ ಅಂಗಡಿಯ ‘ರೆಡಿ ಮ್ಯಾಟರ್’ ಬಗ್ಗೆ ಒಂದು ಮಾತು. ಹೋದ ವರ್ಷ ಬೇರೆ ದೇವಸ್ಥಾನಕ್ಕೆ ಮಾಡಿದ ಪತ್ರದಲ್ಲಿ ಹೆಸರು ಬದಲಿಸಿ ಕೊಡುತ್ತಾರೆ, ಹಣವೂ ಕಡಿಮೆ. ತಲೆಬರಹದಲ್ಲಿ ಹೆಸರು ಬದಲಾಗಿ, ಮೂರನೇ ಸಾಲಿನಲ್ಲಿ ಹಳೆಯ ದೇವರು ಹಾಗೆಯೇ ಉಳಿಯುವ ಅಪಾಯ ಉಂಟು. ಹೆಸರು ಸರಿಯಾದರೂ, ಅದೇ ಪತ್ರ ಅದೇ ದಾನಿಗೆ ಹೋದ ವರ್ಷ ಬಂದಿರಬಹುದು. ಈ ಕಡೆ ದಾನಿಗಳು ನಾಲ್ಕಾರು ದೇವಸ್ಥಾನಗಳಿಗೆ ಕೊಡುವವರು. ಮಾದರಿ ಪತ್ರಗಳ ಪುಸ್ತಕಗಳದ್ದೂ ಇದೇ ಹಣೆಬರಹ. ಅವನ್ನು ವಿಳಾಸ ಬರೆಯುವ ಕ್ರಮಕ್ಕೆ ನೋಡಿ, ಒಕ್ಕಣೆಗೆ ಬೇಡ.

6. ಕ್ಷಮೆಯ ಪತ್ರಗಳಿಗೆ ಬೇರೆ ಓದು

ಈ ಕಟ್ಟು ಚಿಕ್ಕದು, ನಾಲ್ಕೋ ಐದೋ ಇರುತ್ತದೆ. ಸ್ಮರಣ ಸಂಚಿಕೆಯಲ್ಲಿ ಹೆಸರು ಬಿಟ್ಟದ್ದು, ಮನೆಯಿಂದ ತಂದ ಉರುಳಿ, ಕೊಪ್ಪರಿಗೆ ವಾಪಸು ಹೋಗದೆ ಇದ್ದದ್ದು, ವೇದಿಕೆಗೆ ಕರೆಯಲು ಮರೆತದ್ದು. ನಯಗೊಳಿಸಿದ ಪತ್ರ ಅತಿ ಹೆಚ್ಚು ಕೆಡಿಸುವುದು ಇಂಥಲ್ಲಿಯೇ. ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಕಾರ್ಯದೊತ್ತಡದಿಂದ ಏನಾದರೂ ಲೋಪದೋಷಗಳು ಉಂಟಾಗಿದ್ದಲ್ಲಿ ಕ್ಷಮೆ ಇರಲಿ.’

ಇದರಲ್ಲಿ ಮೂರು ಕಡೆ ತಪ್ಪಿಸಿಕೊಂಡದ್ದು ಕಾಣುತ್ತದೆ. ‘ಉಂಟಾಗಿದ್ದಲ್ಲಿ’ ಎಂದರೆ ತಪ್ಪು ಆಗಿದೆಯೋ ಇಲ್ಲವೋ ಸಮಿತಿಗೆ ಇನ್ನೂ ಗೊತ್ತಿಲ್ಲ ಎಂದಾಯಿತು. ‘ಏನಾದರೂ’ ಎಂದರೆ ಯಾವ ತಪ್ಪು ಎಂದು ಹೇಳಲು ಮನಸ್ಸಿಲ್ಲ. ‘ಕಾರ್ಯದೊತ್ತಡ’ ಕ್ಷಮೆಗಿಂತ ಮೊದಲೇ ಬಂದ ಸಬೂಬು. ಇನ್ನೂ ಸೂಕ್ಷ್ಮವಾದದ್ದು ‘ಹೋಗು’ ಎಂಬ ಕ್ರಿಯಾಪದ. ‘ನಿಮ್ಮ ಹೆಸರು ಬಿಟ್ಟುಹೋಗಿದೆ’ ಎಂದಾಗ ಹೆಸರು ತಾನಾಗಿ ಎದ್ದು ಹೋದ ಹಾಗಾಗುತ್ತದೆ. ‘ಬಿಟ್ಟಿದ್ದೇವೆ’ ಎಂದರೆ ಮಾತು ನೇರ. ಓದುವವರು ಹೀಗೆ ಬಿಡಿಸಿ ಹೇಳಲಾರರು, ಆದರೆ ವ್ಯತ್ಯಾಸ ಅವರಿಗೆ ತಟ್ಟುತ್ತದೆ.

ಆಗಬೇಕಾದ ಪತ್ರ ನಾಲ್ಕು ಸಾಲಿನದ್ದು: ‘ಸ್ಮರಣ ಸಂಚಿಕೆಯ ದಾನಿಗಳ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ನಾವು ಬಿಟ್ಟಿದ್ದೇವೆ. ರಶೀದಿ ಪುಸ್ತಕದೊಂದಿಗೆ ಪಟ್ಟಿಯನ್ನು ತಾಳೆ ನೋಡಬೇಕಿತ್ತು, ನೋಡಲಿಲ್ಲ. ಹಂಚಲು ಉಳಿದ ಪ್ರತಿಗಳಿಗೆ ತಿದ್ದುಪಡಿ ಚೀಟಿ ಅಂಟಿಸಿದ್ದೇವೆ, ಒಂದು ಪ್ರತಿ ಇದರೊಂದಿಗಿದೆ. ಕ್ಷಮಿಸಬೇಕು.’ ಏನು ತಪ್ಪು, ಹೇಗೆ ಆಯಿತು, ಏನು ಸರಿಮಾಡಿದೆವು, ಕ್ಷಮೆ. ಇದೇ ಕ್ರಮ ಇರಲಿ. ಚೀಟಿ ಅಂಟಿಸುವ ಮೊದಲೇ ‘ಅಂಟಿಸಿದ್ದೇವೆ’ ಎಂದು ಬರೆಯಬೇಡಿ. ಮತ್ತು ಈ ಪತ್ರದಲ್ಲಿ ‘ನಿಮ್ಮ ದೊಡ್ಡ ಮನಸ್ಸಿನಿಂದ’ ಎಂಬ ಹೊಗಳಿಕೆ ಬಂದರೆ ಕೂಡಲೇ ಗೀಟು ಹಾಕಿ. ಕ್ಷಮಿಸದೆ ಬೇರೆ ದಾರಿಯಿಲ್ಲ ಎಂದು ಅವರನ್ನು ಕಟ್ಟಿಹಾಕಿದಂತೆ ಅದು.

7. ಬೇರೆಯವರಿಂದ ಜೋರಾಗಿ ಓದಿಸಿ

ಬರೆದವರೂ ತಿದ್ದಿದವರೂ ಓದಬಾರದು. ಪಾಕಶಾಲೆಯಲ್ಲೋ ಉಗ್ರಾಣದಲ್ಲೋ ದುಡಿದ ಒಬ್ಬರನ್ನು ಕೂರಿಸಿ ಹತ್ತು ಪತ್ರ ಗಟ್ಟಿಯಾಗಿ ಓದಿಸಿ, ನೀವು ಕಾಗದ ನೋಡದೆ ಕೇಳಿ. ಯಾವ ಸಾಲಿನಲ್ಲಿ ಅವರ ಸ್ವರ ಏರಿ ಮೈಕಿನಲ್ಲಿ ಹೇಳುವ ರಾಗ ಬರುತ್ತದೋ ಅಲ್ಲಿ ಗುರುತು. ಎಲ್ಲಿ ಉಸಿರು ಸಾಲದೆ ನಡುವೆ ನಿಲ್ಲುತ್ತಾರೋ ಅಲ್ಲಿ ವಾಕ್ಯವನ್ನು ಎರಡು ಮಾಡಿ. ಒಬ್ಬರೇ ಕೂತು ಮನಸ್ಸಿನಲ್ಲಿ ಓದಿದರೆ ಇವೆರಡೂ ಸಿಗುವುದಿಲ್ಲ.

ಇಲ್ಲಿ ಎದುರು ದಿಕ್ಕಿನ ತಪ್ಪಿಗೂ ಕಿವಿ ಕೊಡಿ. ಗಟ್ಟಿ ಭಾಷೆ ಬೇಡ ಎಂದದ್ದಕ್ಕೆ ಕೆಲವರು ‘ನೀವಿಲ್ಲದಿದ್ರೆ ಏನೂ ಆಗ್ತಿರ್ಲಿಲ್ಲ ನೋಡಿ’ ಎಂದು ಬರೆದುಬಿಡುತ್ತಾರೆ. ನೂರೈವತ್ತು ಜನರಿಗೆ ಅದೇ ಮಾತು ಹೇಳಿದರೆ ಅದು ‘ಅಭೂತಪೂರ್ವ’ಕ್ಕಿಂತ ದೊಡ್ಡ ಸುಳ್ಳು. ಇಲ್ಲಿನ ಹಲವು ಮನೆಗಳಲ್ಲಿ ಕನ್ನಡ ಆಡುವ ಮಾತಲ್ಲ, ಶಾಲೆಯಲ್ಲಿ ಕಲಿತ ಬರವಣಿಗೆಯ ಭಾಷೆ. ಅವರಿಗೆ ಬೆಂಗಳೂರಿನ ಆಡುಮಾತು ಕಾಗದದಲ್ಲಿ ಬಂದರೆ ಆತ್ಮೀಯ ಎನಿಸುವುದಿಲ್ಲ, ಸಲಿಗೆ ಹೆಚ್ಚಾಯಿತು ಎನಿಸುತ್ತದೆ. ಪೂರ್ತಿ ಕ್ರಿಯಾಪದ ಇರುವ, ಚಿಕ್ಕ ಚಿಕ್ಕ ವಾಕ್ಯದ ಬರವಣಿಗೆಯ ಕನ್ನಡವೇ ಇರಲಿ.

8. ಎರಡೇ ಸುತ್ತು

ಗುರುತು ಹಾಕಿದ ಸಾಲುಗಳನ್ನು ತಿದ್ದಿ, ಒಮ್ಮೆ ಮಾತ್ರ ಮತ್ತೆ ಓದಿ. ಮೂರನೇ ಸುತ್ತಿಗೆ ಕೊಟ್ಟರೆ ಯಾರಾದರೊಬ್ಬರು ‘ಸ್ವಲ್ಪ ಕಳೆ ಬರಲಿ’ ಎಂದು ‘ಹೃತ್ಪೂರ್ವಕ’ವನ್ನು ವಾಪಸು ಸೇರಿಸುತ್ತಾರೆ. ಕೊನೆಗೆ ಪ್ರತಿ ಪತ್ರದ ಅಂಕಿ ಮತ್ತು ವಸ್ತುವನ್ನು ಉಗ್ರಾಣದ ಪುಸ್ತಕದೊಂದಿಗೆ ಒಬ್ಬರು ಓದಿ ಇನ್ನೊಬ್ಬರು ನೋಡಿ ತಾಳೆ ಮಾಡಿ. ವಿವರ ಬರೆದ ಪತ್ರದಲ್ಲಿ 200 ಕಾಯಿ 20 ಆದರೆ ಹಳೆಯ ಟೊಳ್ಳು ಪತ್ರವೇ ವಾಸಿ ಎನ್ನುವಂತಾಗುತ್ತದೆ. ಸಹಿಯನ್ನು ಅಧ್ಯಕ್ಷರೂ ಕಾರ್ಯದರ್ಶಿಯೂ ಪೆನ್ನಿನಲ್ಲೇ ಹಾಕಲಿ, ಸೀಲಿನ ಸಹಿ ಬೇಡ. ಅಕ್ಕಪಕ್ಕದ ಮನೆಗಳ ಲಕೋಟೆಗಳನ್ನು ಒಂದೇ ದಿನ ಕಳಿಸಿ. ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಹದಿನೈದು ದಿನ ತಡವಾದರೆ, ಒಳಗೆ ಏನು ಬರೆದಿದೆ ಎಂದು ನೋಡುವ ಮೊದಲೇ ಮಾತು ಬೆಳೆದಿರುತ್ತದೆ.